ಲಿಂಗಪ್ಪನ್ ಮತ್ತು ಮೂವತ್ತು ಮೀಟರು

ಲಿಂಗಪ್ಪನ್ ಅವರನ್ನು ನಾನು ಮೊದಲು ನೋಡಿದ್ದು ೧೯೮೪ರ ಜೂನ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಎಂಟು ಮುಕ್ಕಾಲಿಗೆ. ಜಾಗ ಕೊಯಮತ್ತೂರಿನ ಕುರಿಚಿಯಲ್ಲಿ ಪಂಪಿನ ಶಾಫ್ಟು ಮಾಡುವ ಒಂದು ಸಣ್ಣ ವರ್ಕ್‌ಶಾಪು. ನಾನು ಅಲ್ಲಿ ಸೂಪರ್‌ವೈಸರ್ ಆಗಿ ಸೇರಿದ ಮೊದಲ ದಿನ. ಶೆಡ್ಡಿನಲ್ಲಿ ಕಬ್ಬಿಣದ ಸರಳನ್ನು ತಿರುಗಿಸಿ ಕೆತ್ತುವ ನಾಲ್ಕು ಲೇತುಗಳಿದ್ದವು. ಕೊನೆಯ ಲೇತಿನ ಮುಂದೆ, ಖಾಕಿ ಪ್ಯಾಂಟು ಮತ್ತು ತೋಳಿಲ್ಲದ ಬನಿಯನ್ ಹಾಕಿದ ತೆಳ್ಳನೆಯ ಮನುಷ್ಯರೊಬ್ಬರು ಎಡಗಾಲನ್ನು ಒಂದು ಮರದ ತುಂಡಿನ ಮೇಲಿಟ್ಟು ನಿಂತಿದ್ದರು. ಬಲಗೈ ಹಿಡಿಕೆಯ ಮೇಲಿತ್ತು. ಮಷಿನ್ ಓಡುತ್ತಿತ್ತು. ಕಬ್ಬಿಣದ ಸುರುಳಿ ಉದ್ದಕ್ಕೆ ಬಿಚ್ಚಿಕೊಂಡು ತಟ್ಟೆಗೆ ಬೀಳುತ್ತಿತ್ತು. ಅವರ ಎರಡೂ ಕಣ್ಣು ಮುಚ್ಚಿದ್ದವು.

ನಾನು ಹೊಸ ನೋಟ್‌ಬುಕ್ ತೆರೆದು ಮೊದಲ ಪುಟದಲ್ಲಿ ಬರೆದುಕೊಂಡೆ: 'ನಾಲ್ಕನೇ ಲೇತ್. ಟರ್ನರ್ ನಿದ್ದೆಯಲ್ಲಿದ್ದಾರೆ.'

"ಸಾರ್, ಬಾಗಿಲು ಸಾತ್ತಿ ಬನ್ನಿ. ಬಸ್ಸಿನ ಸತ್ತದಲ್ಲಿ ಇವಳ ಮಾತು ಕೇಳ್ತಿಲ್ಲೆ," ಎಂದರು ಕಣ್ಣು ತೆರೆಯದೆ.

ತಮಿಳೂರಿನಲ್ಲಿ, ಸದ್ದಿಗೆ 'ಸತ್ತ' ಎನ್ನುವ ತಮಿಳು ಬೆರೆತ ಕನ್ನಡ ಕೇಳಿ ನನಗೆ ಆಶ್ಚರ್ಯವಾಯಿತು. ಬಾಗಿಲು ಮುಚ್ಚಿ ಬಂದೆ. ನಾನು ಗುಂಡ್ಲುಪೇಟೆ ಕಡೆಯವನೆಂದು ಮೊದಲಾಳಿ, ಅಂದರೆ ವರ್ಕ್‌ಶಾಪಿನ ಮಾಲೀಕರು, ಲಿಂಗಪ್ಪನ್ ಅವರಿಗೆ ಆಗಲೇ ಹೇಳಿದ್ದರಂತೆ.

"ಯಾರ ಮಾತು?" ಎಂದು ಕೇಳಿದೆ.

"ಅತ್ತೆ ಮಾತು."

ಆ ಲೇತು ಹಳೆಯದು. ಮೇಲಿನಿಂದ ಚರ್ಮದ ಬೆಲ್ಟು ಇಳಿದು ಮೂರು ಮೆಟ್ಟಿಲಿನ ಪುಲ್ಲಿಗೆ ಸುತ್ತಿಕೊಳ್ಳುತ್ತಿತ್ತು. ಬೆಲ್ಟನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸರಿಸಿದರೆ ವೇಗ ಬದಲಾಗುತ್ತಿತ್ತು. ಯಾವ ಮೆಟ್ಟಿಲಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಮಷಿನಿನ ಮೈಮೇಲೆ ಒಂದು ಹಿತ್ತಾಳೆ ಫಲಕವಿತ್ತು: ೧೬೦, ೨೪೦, ೩೮೦. ಲಿಂಗಪ್ಪನ್ ಆ ಫಲಕವನ್ನು ನೋಡಿದವರೇ ಅಲ್ಲ. ಅವರ ಲೆಕ್ಕದಲ್ಲಿ ಮೊದಲ ಮೆಟ್ಟಿಲು ಅತ್ತೆ, ಎರಡನೆಯದು ಅಣ್ಣ, ಮೂರನೆಯದು ಮಚ್ಚಾನ್, ಅಂದರೆ ಭಾವಮೈದ. ಗೇರು ಹಾಕಿ ಇನ್ನೂ ನಿಧಾನ ಮಾಡಿದರೆ ಅಜ್ಜಿ.

"ಅಜ್ಜಿ ಮೆಲ್ಲಗೆ ನಡೀತಾಳೆ, ಆದ್ರೆ ಎಂಥ ದಪ್ಪ ಆಸಾಮಿನೂ ತಿರುಗಿಸ್ತಾಳೆ. ಅತ್ತೆ ಒಂದೇ ಸಮ ಗೊಣಗಿಕೊಂಡು ಎಲ್ಲ ಕೆಲಸ ಮುಗಿಸ್ತಾಳೆ. ಅಣ್ಣ ಅವಸರದೋನು. ಮಚ್ಚಾನ್ ಬರೀ ಜಂಬ. ಎಮರಿ ಪೇಪರ್ ಇಟ್ಟು ಮಿರುಗಿಸೋಕೆ ಮಾತ್ರ ಅವನು," ಎಂದು ಅವರು ನನಗೆ ಮನೆಮಂದಿಯನ್ನು ಪರಿಚಯಿಸುವಂತೆ ಪರಿಚಯಿಸಿದರು.

ನಾನು ನೋಟ್‌ಬುಕ್ಕಿನಲ್ಲಿ ನಿದ್ದೆಯ ಸಾಲನ್ನು ಹೊಡೆದುಹಾಕಿದೆ. ಅದರ ಬದಲು ಏನು ಬರೆಯಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವರೇ ನನ್ನ ಮೇಜಿನ ಬಳಿ ಬಂದರು. ಪೆರಿಯನಾಯಕನಪಾಳ್ಯಂನಲ್ಲಿ ಒಂದು ಟ್ರಸ್ಟಿನ ತರಬೇತಿ ಕೇಂದ್ರಕ್ಕೆ ಟರ್ನರ್ ಬೋಧಕರು ಬೇಕಾಗಿದ್ದರು. ಹನ್ನೆರಡು ವರ್ಷ ಕೆಲಸ ಮಾಡಿದವರು ಸರ್ಟಿಫಿಕೇಟ್ ಇಲ್ಲದಿದ್ದರೂ ಪರೀಕ್ಷೆಗೆ ಕೂರಬಹುದಿತ್ತು. ವಯಸ್ಸು ಮೂವತ್ತೈದು ಮೀರಿರಬಾರದು. ಆಗಸ್ಟ್ ನಡುವಿಗೆ ತಮಿಳರ ಆಡಿ ತಿಂಗಳು ಕಳೆದರೆ ಲಿಂಗಪ್ಪನ್ ಅವರಿಗೆ ಮೂವತ್ತಾರು. ಪರೀಕ್ಷೆಗೆ ಐದು ವಾರ ಉಳಿದಿತ್ತು.

"ಅಲ್ಲಿ ಬೋಧಕರಿಗೆ ಕುರ್ಚಿ ಕೊಡ್ತಾರೆ ಸಾರ್," ಎಂದರು. "ಕೈ ಇರೋ ಕುರ್ಚಿ. ನಾನೇ ಹೋಗಿ ನೋಡಿ ಬಂದೆ. ಹದಿನಾಕು ವರ್ಷ ನಿಂತಿದ್ದೀನಿ. ಮಂಡಿ ಎರಡೂ ನನ್ನ ಜೊತೆ ಮಾತು ಬಿಟ್ಟಿವೆ."

"ಪರೀಕ್ಷೆಯಲ್ಲಿ ಏನು ಕಷ್ಟ ಲಿಂಗಪ್ಪಣ್ಣ? ನಿಮಗೆ ಬಾರದ ಕೆಲಸವೇ?"

"ಕೆಲಸ ಬರುತ್ತೆ. ಅವರು ನಂಬರು ಕೇಳ್ತಾರೆ. ಹೋದ ಸಾರಿ ಕೇಳಿದ್ರು, 'ಮೈಲ್ಡ್ ಸ್ಟೀಲಿಗೆ ಕಟಿಂಗ್ ಸ್ಪೀಡ್ ಎಷ್ಟಪ್ಪಾ?' ಅಂತ. ನಾನು 'ಅತ್ತೆ' ಅಂದೆ. ಹೊರಗೆ ಕಳಿಸಿಬಿಟ್ರು."

ಹೀಗೆ ನಮ್ಮ ಪಾಠ ಶುರುವಾಯಿತು. ಊಟದ ಬಿಡುವಿನಲ್ಲಿ ಶೆಡ್ಡಿನಲ್ಲಿ, ಭಾನುವಾರ ಬೆಳಗ್ಗೆ ಅವರ ಮನೆಯ ಜಗುಲಿಯಲ್ಲಿ. ಅವರದು ತಲೆಮಾರುಗಳಿಂದ ಅಲ್ಲಿ ನೆಲೆಸಿದ ಕನ್ನಡದ ಬೇಸಾಯದ ಕುಟುಂಬ. ಮನೆಯಲ್ಲಿ ಮಾತೆಲ್ಲ ಕನ್ನಡ, ಓದುಬರಹವೆಲ್ಲ ತಮಿಳು. ಆದ್ದರಿಂದ ನಾನು ಹೇಳಿದ್ದನ್ನು ಅವರ ಹೆಂಡತಿ ಸಾಮಿಯಾತಾಳ್ ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರು ಎಂಟನೇ ಕ್ಲಾಸು ಓದಿದ್ದರು. ಮನೆಯಲ್ಲಿ ಅತಿ ಹೆಚ್ಚು ಓದಿದವರು ಅವರೇ, ಮತ್ತು ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದರು.

ನಾನು ಮೊದಲು ಹೇಳಿದ್ದು ಇದು: ಕಟಿಂಗ್ ಸ್ಪೀಡ್ ಎಂದರೆ ಸುತ್ತುಗಳ ಸಂಖ್ಯೆಯಲ್ಲ. ತಿರುಗುವ ಕಬ್ಬಿಣದ ಮೈ ಒಂದು ನಿಮಿಷದಲ್ಲಿ ಕತ್ತರಿಸುವ ಟೂಲಿನ ಮುಂದೆ ಎಷ್ಟು ಮೀಟರು ಹಾದುಹೋಗುತ್ತದೆ ಎಂಬುದು. ನಾವು ಬಳಸುವ ಹೈಸ್ಪೀಡ್ ಸ್ಟೀಲ್ ಟೂಲಿಗೆ, ಮೈಲ್ಡ್ ಸ್ಟೀಲಾದರೆ, ಸುಮಾರು ಮೂವತ್ತು ಮೀಟರು. ದಪ್ಪ ಸರಳಿಗೆ ಒಂದು ಸುತ್ತಿನಲ್ಲೇ ಹೆಚ್ಚು ಮೈ ಹಾದುಹೋಗುತ್ತದೆ, ಹಾಗಾಗಿ ಕಡಿಮೆ ಸುತ್ತು ಸಾಕು. ಸಣ್ಣ ಸರಳಿಗೆ ಹೆಚ್ಚು ಸುತ್ತು ಬೇಕು. ಸೂತ್ರವನ್ನು ಬರೆದು ತೋರಿಸಿದೆ. ಪೈ ಚಿಹ್ನೆ ಕಂಡ ಕೂಡಲೇ ಲಿಂಗಪ್ಪನ್ ನೀರು ಕುಡಿಯಲು ಎದ್ದು ಹೋದರು. ಹತ್ತು ನಿಮಿಷವಾದರೂ ಬರಲಿಲ್ಲ.

ಮುಂದಿನ ವಾರ ನಾನು ಸೂತ್ರವನ್ನು ಬಿಟ್ಟೆ. "ಹತ್ತು ಸಾವಿರವನ್ನು ಸರಳಿನ ದಪ್ಪದಿಂದ ಭಾಗಿಸಿ. ದಪ್ಪ ಮಿಲಿಮೀಟರಿನಲ್ಲಿ. ಬಂದದ್ದೇ ಸುತ್ತು. ಸರಿಸುಮಾರು ಮೂವತ್ತು ಮೀಟರಿಗೆ ಕೂರುತ್ತದೆ," ಎಂದೆ.

"ಹತ್ತು ಸಾವಿರ ಏನು?" ಎಂದರು ಸಾಮಿಯಾತಾಳ್.

"ಸುಮ್ಮನೆ ಹತ್ತು ಸಾವಿರ."

"ಸುಮ್ನೆ ಹತ್ತು ಸಾವಿರ ಎಲ್ಲಾದ್ರೂ ಇರುತ್ತಾ?" ಎಂದು ಗಂಡನ ಕಡೆ ತಿರುಗಿದರು. "ಏನುಂಗ, ಹತ್ತು ಸಾವಿರ ತೆಂಗಿನಕಾಯಿ ಅಂತ ವೆಚ್ಚುಕೊಳ್ಳಿ. ನಲವತ್ತು ಜನಕ್ಕೆ ಹಂಚಿ. ಒಬ್ಬೊಬ್ಬರಿಗೆ ಎಷ್ಟು?"

"ಇನ್ನೂರೈವತ್ತು," ಎಂದರು ಲಿಂಗಪ್ಪನ್ ತಟ್ಟನೆ. ತೆಂಗಿನಕಾಯಿಯ ವಿಷಯದಲ್ಲಿ ಅವರು ತಪ್ಪುವವರಲ್ಲ.

ಆದರೆ ಅಲ್ಲಿಯೇ ತೊಂದರೆ ಹುಟ್ಟಿತು. ನಮ್ಮ ಪಂಪಿನ ಶಾಫ್ಟು ನಲವತ್ತು ಮಿಲಿಮೀಟರು. ಲೆಕ್ಕದ ಪ್ರಕಾರ ಇನ್ನೂರೈವತ್ತು ಸುತ್ತು, ಫಲಕದಲ್ಲಿ ಅದಕ್ಕೆ ಹತ್ತಿರದ್ದು ೨೪೦. ಅದು ಅಣ್ಣ. ಲಿಂಗಪ್ಪನ್ ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದುದು ಅತ್ತೆ, ಅಂದರೆ ೧೬೦.

"ನೀವು ಇಷ್ಟು ವರ್ಷ ನಿಧಾನ ಓಡಿಸುತ್ತಿದ್ದೀರಿ ಅನಿಸುತ್ತದೆ ಲಿಂಗಪ್ಪಣ್ಣ," ಎಂದೆ. ನನಗೆ ಆಗ ಇಪ್ಪತ್ತಮೂರು ವರ್ಷ. ಈ ಮಾತನ್ನು ಮೆಲ್ಲಗೆ ಹೇಳಬೇಕಿತ್ತು ಎಂದು ಈಗ ಅನಿಸುತ್ತದೆ.

ಅವರ ಮುಖ ಸಣ್ಣದಾಯಿತು. ಮರುದಿನ ಶೆಡ್ಡಿನಲ್ಲಿ ಬೆಲ್ಟನ್ನು ಅಣ್ಣನ ಮೇಲೆ ಹಾಕಿದರು. ಕತ್ತರಿಸುವ ಆಳ ಎರಡೂವರೆ ಮಿಲಿಮೀಟರು, ಫೀಡು, ಅಂದರೆ ಟೂಲು ಪಕ್ಕಕ್ಕೆ ಸರಿಯುವುದು, ಒಂದು ಸುತ್ತಿಗೆ ಕಾಲು ಮಿಲಿಮೀಟರು, ಎಲ್ಲ ಎಂದಿನಂತೆಯೇ. ಸುರುಳಿ ಬೆಳ್ಳಗೆ ಬರುವ ಬದಲು ಕಡುನೀಲಿಯಾಗಿ ಬಂತು. ಹೊಗೆ ಎದ್ದಿತು. ಎರಡನೇ ಶಾಫ್ಟಿನ ಅರ್ಧಕ್ಕೆ ಟೂಲಿನ ತುದಿ ಸುಟ್ಟು ಬೋಳಾಯಿತು, ಮಷಿನ್ ಕೀರಲು ದನಿಯಲ್ಲಿ ಕಿರುಚಿತು. ಪಕ್ಕದ ಲೇತಿನ ಗುರುಸಾಮಿ ಬಂದು ಟೂಲು ನೋಡಿ, "ಏನ್ ಲಿಂಗಪ್ಪಾ, ಅಣ್ಣನ ಜೊತೆ ಜಗಳವಾ?" ಎಂದರು.

"ಪುಸ್ತಕ ಹೇಳ್ತು, ಕೇಳ್ದೆ," ಎಂದರು ಲಿಂಗಪ್ಪನ್. ನನ್ನ ಕಡೆ ತಿರುಗಿ, "ಸಾರ್, ನಿಮ್ಮ ಮೂವತ್ತು ಮೀಟರ್ ನೀವೇ ವೆಚ್ಚುಕೊಳ್ಳಿ. ನನಗೆ ಕುರ್ಚಿ ಬೇಡ," ಎಂದರು.

ಎರಡು ದಿನ ಪಾಠ ನಿಂತಿತು. ನಾನು ಪುಸ್ತಕವನ್ನು ಮೂರು ಸಲ ಓದಿದೆ. ಮೂವತ್ತು ಮೀಟರು ಎಂದೇ ಇತ್ತು. ಲಿಂಗಪ್ಪನ್ ಅವರ ಅತ್ತೆಯ ಸುರುಳಿಯೂ ಪುಸ್ತಕದಲ್ಲಿ ಬರೆದಂತೆಯೇ ಬೆಳ್ಳಗೆ, ಉದ್ದಕ್ಕೆ ಬರುತ್ತಿತ್ತು. ಎರಡೂ ಸರಿಯಾಗಿದ್ದರೆ ತಪ್ಪು ಎಲ್ಲಿ? ಉಳಿದದ್ದು ಆ ಹಿತ್ತಾಳೆ ಫಲಕ ಮಾತ್ರ.

ಸುತ್ತು ಎಣಿಸುವ ಮೀಟರ್ ನಮ್ಮಲ್ಲಿ ಇರಲಿಲ್ಲ. ಕಣ್ಣಿನಿಂದ ಎಣಿಸುವಷ್ಟು ನಿಧಾನವಾಗಿ ಅದು ತಿರುಗುತ್ತಲೂ ಇರಲಿಲ್ಲ. ಆದರೆ ಟೂಲನ್ನು ಹೊತ್ತ ಗಾಡಿ ಲೇತಿನಲ್ಲಿ ಸ್ವಂತ ಬುದ್ಧಿಯಿಂದ ನಡೆಯುವುದಿಲ್ಲ. ಹಲ್ಲಿನ ಗಾಲಿಗಳ ಮೂಲಕ ಸರಳಿನ ಸುತ್ತಿಗೇ ಕಟ್ಟಿಹಾಕಿರುತ್ತದೆ. ಫೀಡು ೦.೨ ಎಂದು ಇಟ್ಟರೆ, ಸರಳು ಒಂದು ಸುತ್ತು ತಿರುಗಿದಾಗ ಗಾಡಿ ೦.೨ ಮಿಲಿಮೀಟರು ಸರಿಯಲೇಬೇಕು. ಹಾಗಾದರೆ ಒಂದು ನಿಮಿಷ ಬಿಟ್ಟು ಗಾಡಿ ಎಷ್ಟು ಸರಿಯಿತೆಂದು ಅಳೆದರೆ ಸುತ್ತು ಸಿಕ್ಕಿಬಿಡುತ್ತದೆ.

ಬುಧವಾರ ಮಧ್ಯಾಹ್ನ ಲಿಂಗಪ್ಪನ್ ಅವರನ್ನು ಒಪ್ಪಿಸಿ ಬೆಲ್ಟನ್ನು ಅತ್ತೆಯ ಮೇಲೆ ಹಾಕಿಸಿದೆ. ಟೂಲು ಏನನ್ನೂ ಮುಟ್ಟದಂತೆ ಹಿಂದಕ್ಕೆ ಸರಿಸಿ, ಗಾಡಿ ಸರಿಯುವ ಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗುರುಸಾಮಿ ವಾಚು ಹಿಡಿದರು. ಒಂದು ನಿಮಿಷವಾದಾಗ ಫೀಡು ಬಿಡಿಸಿ ಅಳೆದರೆ ನಲವತ್ತೆಂಟು ಮಿಲಿಮೀಟರು. ನಲವತ್ತೆಂಟರಲ್ಲಿ ೦.೨ ಎಷ್ಟು ಸಲ?

"ಇನ್ನೂರ ನಲವತ್ತು," ಎಂದೆ. "ಲಿಂಗಪ್ಪಣ್ಣ, ಅತ್ತೆ ನೂರರವತ್ತಲ್ಲ. ಅತ್ತೆಯೇ ಇನ್ನೂರ ನಲವತ್ತು! ಅಣ್ಣ ಮುನ್ನೂರರವತ್ತು. ಅದಕ್ಕೇ ಸುಟ್ಟದ್ದು."

ಮೊದಲಾಳಿ ಗೋಪಾಲಸಾಮಿ ಅವರನ್ನು ಕರೆದು ಕೇಳಿದೆವು. ಅವರು ಸ್ವಲ್ಪ ಯೋಚಿಸಿ, ಮೋಟರಿನ ನಾಲ್ಕಿಂಚಿನ ಪುಲ್ಲಿ ಲಿಂಗಪ್ಪನ್ ಸೇರುವ ಮೊದಲೇ ಒಡೆದಿತ್ತೆಂದೂ, ತಮ್ಮ ಮಾವನ ಹತ್ತಿ ಬಿಡಿಸುವ ಮಿಲ್ಲಿನಲ್ಲಿ ಸುಮ್ಮನೆ ಬಿದ್ದಿದ್ದ ಆರಿಂಚಿನ ಪುಲ್ಲಿಯನ್ನು ತಂದು ಹಾಕಿದ್ದಾಗಿಯೂ ಹೇಳಿದರು. "ಒಳ್ಳೆ ಪುಲ್ಲಿ. ಇವತ್ತಿನವರೆಗೆ ಒಂದು ದೂರು ಇಲ್ಲೆ," ಎಂದು ಸೇರಿಸಿದರು. ನಾಲ್ಕರ ಜಾಗದಲ್ಲಿ ಆರು ಬಂದರೆ ಎಲ್ಲ ವೇಗವೂ ಒಂದೂವರೆ ಪಟ್ಟು. ಫಲಕವನ್ನು ತಿದ್ದಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಅದನ್ನು ಯಾರೂ ಓದುತ್ತಿರಲಿಲ್ಲ.

ಲಿಂಗಪ್ಪನ್ ಬಗ್ಗಿ ಸೀಮೆಸುಣ್ಣದ ಗೆರೆಯನ್ನು ಮುಟ್ಟಿ ನೋಡಿದರು. "ಹಂಗಾದ್ರೆ ಹದಿನಾಕು ವರ್ಷ ನಾನು ಓಡಿಸಿದ್ದು ಎಷ್ಟು ಮೀಟರು ಸಾರ್?"

"ಮೂವತ್ತು. ಸರಿಯಾಗಿ ಮೂವತ್ತು."

ಅವತ್ತು ಸಂಜೆ ಅವರು ಇಡೀ ಶೆಡ್ಡಿಗೆ ಬೋಂಡಾ ತರಿಸಿದರು.

ಆಮೇಲೆ ಪಾಠ ಸಲೀಸಾಗಿ ಸಾಗಿತು. ಆಳದ ವಿಷಯದಲ್ಲಿ ಮಾತ್ರ ಸಾಮಿಯಾತಾಳ್ ತಡೆದರು. ಐವತ್ತು ಮಿಲಿಮೀಟರ್ ಸರಳನ್ನು ನಲವತ್ತೈದಕ್ಕೆ ಇಳಿಸಲು ಎಷ್ಟು ಆಳ ಎಂದಾಗ, "ಐದು ತಾನೆ? ಇದಕ್ಕೂ ಇಂಜಿನಿಯರ್ ಬೇಕಾ?" ಎಂದರು.

"ಏ ಸಾಮಿಯಾತಾ, ಕಬ್ಬು ಸುಲೀತೀಯಲ್ಲ, ಸಿಪ್ಪೆ ಒಂದೇ ಕಡೆ ಹೋಗುತ್ತಾ?" ಎಂದರು ಲಿಂಗಪ್ಪನ್. "ತಿರುಗಿಸಿ ತಿರುಗಿಸಿ ಸುಲಿದ್ರೆ ಎರಡು ಕಡೆನೂ ಹೋಗುತ್ತೆ. ಎರಡೂವರೆ ಸಾಕು." ಅಂದು ಮೊದಲ ಬಾರಿಗೆ ಅವರು ಹೆಂಡತಿಗೆ ಪಾಠ ಹೇಳಿದರು. ಹೇಳಿ, ತಾವೇ ಸ್ವಲ್ಪ ಹೆದರಿದರು.

ಪರೀಕ್ಷೆಯ ದಿನ ನಾವು ಮೂವರೂ ಮೇಟ್ಟುಪಾಳ್ಯಂ ರಸ್ತೆಯ ಬಸ್ಸಿನಲ್ಲಿ ಹೋದೆವು. ಬಸ್ಸಿನುದ್ದಕ್ಕೂ ಸಾಮಿಯಾತಾಳ್ ಪ್ರಶ್ನೆ ಕೇಳುತ್ತಿದ್ದರು. "ಹತ್ತು ಸಾವಿರ ತೆಂಗಿನಕಾಯಿ, ಅರವತ್ತು ಜನಕ್ಕೆ?" "ನೂರರವತ್ತಾರು." "ಇಪ್ಪತ್ತಕ್ಕೆ?" "ಐನೂರು." ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ, ಇಷ್ಟೊಂದು ತೆಂಗಿನಕಾಯಿ ಯಾವ ತೋಪಿನದೆಂದು ಕೇಳಿದರು.

ಪರೀಕ್ಷಕರ ಹೆಸರು ಆರುಮುಗಂ. ಬಿಳಿ ಷರಟು, ಜೇಬಿನಲ್ಲಿ ಮೂರು ಪೆನ್ನು. ಮಾತಿನ ಪರೀಕ್ಷೆ ವರ್ಕ್‌ಶಾಪಿನೊಳಗೇ ನಡೆಯಿತು. ಸಾಮಿಯಾತಾಳ್ ಮತ್ತು ನಾನು ಊಟದ ಡಬ್ಬಿ ಹಿಡಿದು ಹೊರಗಿನ ಕಿಟಕಿಯ ಕಂಬಿಗೆ ಮುಖ ಒತ್ತಿ ನಿಂತೆವು. ಒಳಗಿನ ಮಾತು ತಮಿಳಿನಲ್ಲಿ. ಕನ್ನಡದಲ್ಲಿ ಬರೆದರೆ ಹೀಗೆ:

"ಮೈಲ್ಡ್ ಸ್ಟೀಲ್, ಹೈಸ್ಪೀಡ್ ಸ್ಟೀಲ್ ಟೂಲ್. ಕಟಿಂಗ್ ಸ್ಪೀಡ್?"

"ಮೂವತ್ತು ಮೀಟರ್ ಸಾರ್."

"ಕೆಲಸ ಬೇಗ ಮುಗಿಯಬೇಕು. ಸ್ಪೀಡು, ಫೀಡು, ಆಳ, ಯಾವುದನ್ನು ಮೊದಲು ಹೆಚ್ಚಿಸುತ್ತೀ?"

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಲಿಂಗಪ್ಪನ್ ತಲೆ ಕೆರೆದುಕೊಂಡರು.

"ಸಾರ್, ಗಾಡಿಯಲ್ಲಿ ಹೊಲಕ್ಕೆ ಗೊಬ್ಬರ ಬೇಗ ಸಾಗಬೇಕಂದ್ರೆ ಮೊದಲು ಹೇರು ಜಾಸ್ತಿ ಮಾಡ್ತೀವಿ. ಅದು ಆಳ. ಗಾಡಿ ತಡಕೊಳ್ಳೋವಷ್ಟು ಮಾತ್ರ. ಆಮೇಲೆ ಎತ್ತು ದೊಡ್ಡ ಹೆಜ್ಜೆ ಹಾಕಲಿ. ಅದು ಫೀಡು. ಚಾಟಿ ಬೀಸಿ ಓಡಿಸೋದು ಕಡೇಲಿ. ಅದು ಸ್ಪೀಡು. ಚಾಟಿಯಿಂದಲೇ ಶುರು ಮಾಡಿದ್ರೆ ಎತ್ತು ಮಧ್ಯಾಹ್ನಕ್ಕೆ ಮಲಗುತ್ತೆ. ಟೂಲೂ ಅಷ್ಟೆ."

"ನಿನ್ನ ಊರು ಯಾವುದು?"

"ತಾಯಿ ಊರು ವೆಳ್ಳಕೋಯಿಲ್ ಸಾರ್."

"ಹೂಂ, ಹಾಗಾದ್ರೆ ಮಾತಲ್ಲಿ ಎತ್ತು ಬರದೆ ಇರೋದಿಲ್ಲ," ಎಂದು ಆರುಮುಗಂ ಏನೋ ಬರೆದುಕೊಂಡರು. ವೆಳ್ಳಕೋಯಿಲ್ ಸೀಮೆ ಎತ್ತುಗಳಿಗೆ ಹೆಸರುವಾಸಿ.

ನಂತರ ಕೈಕೆಲಸ. ಐದು ಅಭ್ಯರ್ಥಿಗಳು, ಐದು ಹೊಸ ಲೇತು. ಇವಕ್ಕೆ ಬೆಲ್ಟಿನ ಮೆಟ್ಟಿಲಿರಲಿಲ್ಲ, ಹಿಡಿಕೆ ತಿರುಗಿಸಿದರೆ ವೇಗ ಬದಲಾಗುತ್ತಿತ್ತು. ಎಲ್ಲರಿಗೂ ಐವತ್ತು ಮಿಲಿಮೀಟರಿನ ಮೈಲ್ಡ್ ಸ್ಟೀಲ್ ತುಂಡು ಕೊಟ್ಟರು. ಒಂದೂವರೆ ಗಂಟೆಯಲ್ಲಿ ಅದನ್ನು ನಲವತ್ತಕ್ಕೆ ಇಳಿಸಿ ನುಣುಪು ಮಾಡಬೇಕು. ಟೂಲು ಒಂದೇ, ಸುಟ್ಟರೆ ಸಾಣೆಗೆ ಹೋಗಿ ಬರಬೇಕು, ಪ್ರತಿ ಸಲಕ್ಕೂ ಅಂಕ ಕಡಿತ.

ಲಿಂಗಪ್ಪನ್ ಬೆರಳು ಮಡಿಸಿ ತೆಂಗಿನಕಾಯಿ ಹಂಚಿದ್ದು ಹೊರಗಿನಿಂದಲೇ ಕಾಣುತ್ತಿತ್ತು. ಇನ್ನೂರು. ಮಷಿನಿನಲ್ಲಿ ಇದ್ದದ್ದು ೧೨೫, ೧೮೦, ೨೫೦. ಅವರು ೧೮೦ ಹಿಡಿದರು. ಆಳ ಎರಡೂವರೆ, ಫೀಡು ಕಾಲು. ನಾನು ಕಿಟಕಿಯಲ್ಲೇ ನೂರಕ್ಕೆ ನೂರು ಕೊಟ್ಟೆ.

ಮಷಿನ್ ಶುರುವಾಯಿತು. ಸುರುಳಿ ನೀಲಿ.

ಲಿಂಗಪ್ಪನ್ ಟೂಲನ್ನು ಹಿಂದಕ್ಕೆ ತೆಗೆದು ಮತ್ತೆ ಬೆರಳು ಮಡಿಸಿದರು. ಇನ್ನೂರೇ ಬಂದಿರಬೇಕು. ಮತ್ತೊಮ್ಮೆ ಓಡಿಸಿದರು. ಮತ್ತೆ ನೀಲಿ, ಅದೂ ತುಂಡು ತುಂಡಾಗಿ ಚಟಚಟ ಸಿಡಿಯುತ್ತಿತ್ತು. ಕಿಟಕಿಯತ್ತ ತಿರುಗಿ ನಮ್ಮನ್ನು ನೋಡಿದರು. ಸಾಮಿಯಾತಾಳ್ ಕಂಬಿಯ ನಡುವಿನಿಂದ, "ಐವತ್ತು ಜನಕ್ಕೆ! ಐವತ್ತು!" ಎಂದು ಪಿಸುಗುಟ್ಟಿದರು. ಅದು ಪಿಸುಮಾತಿನಂತೆ ಕೇಳಲಿಲ್ಲ. ಆರುಮುಗಂ ಬಂದು ಕಿಟಕಿಯ ಒಂದು ಬಾಗಿಲು ಮುಚ್ಚಿದರು.

ಉಳಿದ ಬಾಗಿಲಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಲಿಂಗಪ್ಪನ್ ಮಷಿನ್ ನಿಲ್ಲಿಸಿ, ತಟ್ಟೆಯಿಂದ ಒಂದು ಚೂರನ್ನು ಎತ್ತಿ ಮುರಿದು, ಮೂಸಿ ನೋಡಿದರು. ಆ ಹೊತ್ತಿಗೆ ಪಕ್ಕದ ಮೂವರು ಆಗಲೇ ಟೂಲು ಸುಟ್ಟುಕೊಂಡು ಸಾಣೆಯ ಮುಂದೆ ಸಾಲು ನಿಂತಿದ್ದರು. ಲಿಂಗಪ್ಪನ್ ಹಿಡಿಕೆ ತಿರುಗಿಸಿ ವೇಗವನ್ನು ೧೨೫ಕ್ಕೆ ಇಳಿಸಿದರು. ಐವತ್ತರ ಸರಳು ೧೨೫ ಸುತ್ತು ಎಂದರೆ ಇಪ್ಪತ್ತು ಮೀಟರು. ಬಾಯಲ್ಲಿ ಮೂವತ್ತು ಹೇಳಿ ಕೈಯಲ್ಲಿ ಇಪ್ಪತ್ತು ಮಾಡುವ ಅಭ್ಯರ್ಥಿಗೆ ಯಾರು ಕೆಲಸ ಕೊಡುತ್ತಾರೆ?

ಆರುಮುಗಂ ನೇರವಾಗಿ ಅಲ್ಲಿಗೆ ಬಂದರು. "ಏನಪ್ಪಾ ಇದು? ಮೂವತ್ತು ಮೀಟರ್ ಅಂದೆ ತಾನೆ?"

"ಮೈಲ್ಡ್ ಸ್ಟೀಲಿಗೆ ಮೂವತ್ತೇ ಸಾರ್. ಇದು ಮೈಲ್ಡ್ ಸ್ಟೀಲ್ ಅಲ್ಲ."

"ಸ್ಟೋರಿನಿಂದ ನಾನೇ ಕೊಡಿಸಿದ್ದು. ಚೀಟಿಯಲ್ಲಿ ಬರೆದಿದೆ."

"ಚೀಟಿ ಸರಿಯಿರಬಹುದು ಸಾರ್. ಆದ್ರೆ ಇವನು ನಮ್ಮ ಮನೆ ಕಡೆಯವನಲ್ಲ. ಮೈಲ್ಡ್ ಸ್ಟೀಲ್ ಈ ಸ್ಪೀಡಲ್ಲಿ ಇಷ್ಟು ಕೋಪ ಮಾಡಿಕೊಳ್ಳೋದಿಲ್ಲ, ಸುರುಳಿ ಬಿಟ್ಟು ಬರುತ್ತೆ. ಇವನು ಗಟ್ಟಿ. ಇವನಿಗೆ ಇಪ್ಪತ್ತೇ ಸಾಕು."

ಆರುಮುಗಂ ಮುಖ ಬಿಗಿಯಾಯಿತು. ಅವರು ಅದೇ ಸರಳಿನಿಂದ ಕುಯ್ದ ಒಂದು ಚೂರನ್ನೂ, ತರಗತಿಯಲ್ಲಿ ಮಾದರಿಗೆ ಇಟ್ಟಿದ್ದ ಮೈಲ್ಡ್ ಸ್ಟೀಲ್ ತುಂಡನ್ನೂ ತೆಗೆದುಕೊಂಡು ಸಾಣೆಗೆ ಹೋದರು. ಮಾದರಿ ತುಂಡಿನಿಂದ ಕಿಡಿ ಉದ್ದುದ್ದ ಗೆರೆಯಾಗಿ ಹಾರಿತು, ಅಲ್ಲೊಂದು ಇಲ್ಲೊಂದು ಸಿಡಿಯಿತು. ಪರೀಕ್ಷೆಯ ತುಂಡಿನದು ದೀಪಾವಳಿಯ ಸುರುಸುರುಬತ್ತಿಯಂತೆ ಗೆರೆಯುದ್ದಕ್ಕೂ ಸಿಡಿಯಿತು. ಇಂಗಾಲ ಹೆಚ್ಚಿರುವ ಉಕ್ಕಿನ ಗುರುತು ಅದು. ಸಾಣೆಯ ಮುಂದೆ ಸಾಲು ನಿಂತಿದ್ದ ಮೂವರೂ ಅದನ್ನು ನೋಡಿದರು, ಆಮೇಲೆ ಆರುಮುಗಂ ಅವರನ್ನು ನೋಡಿದರು.

"ಸ್ಟೋರ್ ಕೀಪರನ್ನು ಕರೀರಿ," ಎಂದರು ಆರುಮುಗಂ.

ಉಳಿದವರಿಗೆ ಸರಿಯಾದ ತುಂಡು ಕೊಟ್ಟು ಮತ್ತೆ ಸಮಯ ಕೊಟ್ಟರು. ಲಿಂಗಪ್ಪನ್ ಅವರಿಗೂ ಬದಲಿಸಿಕೋ ಎಂದರು. "ಬೇಡ ಸಾರ್, ಪರಿಚಯ ಆಗೋಯ್ತು," ಎಂದು ಅವರು ಅದೇ ಗಟ್ಟಿ ತುಂಡನ್ನು ೧೨೫ರಲ್ಲಿ ಎರಡು ಸಲ ದಪ್ಪಗೆ, ಕೊನೆಗೆ ಸಣ್ಣ ಆಳ ಮತ್ತು ಸಣ್ಣ ಫೀಡಿನಲ್ಲಿ ಒಂದು ಸಲ ತೆಳ್ಳಗೆ ಎಳೆದು ಮುಗಿಸಿದರು. ಟೂಲು ಒಮ್ಮೆಯೂ ಸಾಣೆ ಕಾಣಲಿಲ್ಲ. ಆರುಮುಗಂ ಮೈಕ್ರೋಮೀಟರ್ ಹಿಡಿದು ಮೂರು ಕಡೆ ಅಳೆದು, ಕೊನೆಗೆ ಉಗುರಿನಿಂದ ಮೈ ಸವರಿದರು.

ಹೊರಗೆ ಬಂದ ಲಿಂಗಪ್ಪನ್ ಹೆಂಡತಿಯನ್ನು ಕಂಡ ಕೂಡಲೇ ಕೇಳಿದ್ದು, "ಐವತ್ತು ಜನ ಅಂತ ಊರಿಗೆಲ್ಲ ಕೇಳೋ ಹಂಗೆ ಯಾಕೆ ಕೂಗ್ದೆ?"

"ನೀವು ಲೆಕ್ಕ ಮರೆತ್ರಿ ಅಂದ್ಕೊಂಡೆ."

"ಲೆಕ್ಕ ಮರೀಲಿಲ್ಲೆ. ಮೂರು ಸಾರಿ ಹಂಚ್ದೆ. ಮೂರು ಸಾರಿನೂ ಇನ್ನೂರೇ ಬಂತು. ಆಮೇಲೆ, ತಿನ್ನೋರು ಯಾರು ಅಂತ ನೋಡ್ದೆ," ಎಂದು ಡಬ್ಬಿ ತೆರೆದು ಕೂತರು. ಅಲ್ಲಿ ಕುರ್ಚಿ ಇರಲಿಲ್ಲ, ಸಿಮೆಂಟು ಕಟ್ಟೆ ಇತ್ತು.

ಹತ್ತು ದಿನದ ಮೇಲೆ, ಬೋಧಕರಾಗಿ ಆಯ್ಕೆಯಾದರೆಂದು ಕಾರ್ಡು ಬಂತು. ಮೊದಲಾಳಿ ಅದನ್ನು ಎರಡು ಸಲ ಓದಿ, ಹೊಸ ಟರ್ನರ್ ಸಿಗುವವರೆಗೆ ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನನ್ನನ್ನು ಕೇಳಿದರು. ಮೂರು ವಾರ ನಾನೇ ನೋಡಿಕೊಂಡೆ. ಬೆಳ್ಳನೆಯ ಸುರುಳಿ ಬರಲು ಎರಡು ವಾರ ಹಿಡಿಯಿತು.

ಇದನ್ನು ಬರೆಯುತ್ತಿರುವ ೧೯೮೯ರಲ್ಲಿ ಲಿಂಗಪ್ಪನ್ ಅದೇ ಕೇಂದ್ರದಲ್ಲಿ ಟರ್ನರ್ ವಿಭಾಗದ ಬೋಧಕರು. ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಹದಿನೆಂಟು ಮಂದಿಗೆ ಲೇತು ಕಲಿಸುತ್ತಾರೆ. ಸ್ಟೋರಿನಿಂದ ಬರುವ ಸರಳುಗಳ ತುದಿಗೆ, ಯಾವುದು ಯಾವ ಉಕ್ಕೆಂದು ಗೊತ್ತಾಗುವಂತೆ, ಬಣ್ಣ ಹಚ್ಚುವ ಕೆಲಸವೂ ಅವರದೇ.